ಚಿತ್ರದಲ್ಲಿರುವುದು ಚಿಟ್ಟೆಯೋ ಪತಂಗವೋ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

“ಮಾನ್ಯ ಸಂಪಾದಕರೇ, ಚಿಟ್ಟೆ ಮತ್ತು ಪತಂಗಗಳನ್ನು ಚಿತ್ರದಲ್ಲಿ ಗುರುತಿಸುವ ಬಗೆಯನ್ನು ಕುರಿತ ಲೇಖನವನ್ನು ಎರಡು ಚಿತ್ರಗಳೊಂದಿಗೆ ಕಳುಹಿಸಿದ್ದೇನೆ. ಕುಡಿಮೀಸೆಯ ತುದಿ ಗುಂಡಗಿದ್ದರೆ ಚಿಟ್ಟೆ, ಕುಡಿಮೀಸೆ ಗರಿಯಂತಿದ್ದರೆ ಪತಂಗ. ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿದ್ದರೆ ಚಿಟ್ಟೆ, ಹರಡಿದ್ದರೆ ಪತಂಗ ಎಂದು ವಿವರಿಸಿದ್ದೇನೆ. ಮೊದಲ ಚಿತ್ರದಲ್ಲಿ ಕಂದು ಬಣ್ಣದ, ದಪ್ಪ ಮೈಯ, ರೆಕ್ಕೆ ಅರೆಬಿಚ್ಚಿ ಕುಳಿತ ಪತಂಗವಿದೆ. ಎರಡನೆಯದು ರೆಕ್ಕೆ ಮಡಚಿದ್ದರೂ ಅದರ ಕುಡಿಮೀಸೆ ನೂಲಿನಂತಿರುವುದರಿಂದ ಅದೂ ಪತಂಗವೇ. ಲೇಖನ ಪ್ರಕಟಣೆಗೆ ಯೋಗ್ಯವೇ? ಅಲ್ಲವಾದರೆ ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸಿ.”

ಮಾನ್ಯರೇ,

ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ನೀವು ಪತಂಗವೆಂದು ತೋರಿಸಿರುವ ಎರಡೂ ಕೀಟಗಳು ಚಿಟ್ಟೆಗಳೇ ಆಗಿವೆ. ನೀವು ಕೊಟ್ಟ ಲಕ್ಷಣಗಳು ಪೂರ್ತಿ ತಪ್ಪಲ್ಲ. ಆದರೆ ಕುಡಿಮೀಸೆ, ಕುಳಿತ ಭಂಗಿ, ಮೈಯ ದಪ್ಪ, ಬಣ್ಣ ಇವೆಲ್ಲಕ್ಕೂ ಒಂದೇ ತೂಕ ಕೊಟ್ಟು, ಅವುಗಳಲ್ಲಿ ಹೆಚ್ಚಿನವು ಯಾವ ಕಡೆಗೆ ವಾಲುತ್ತವೆಯೋ ಆ ಕಡೆಗೆ ತೀರ್ಪು ಕೊಟ್ಟಿದ್ದೀರಿ. ಈ ವಿಷಯದಲ್ಲಿ ಹಾಗೆ ಎಣಿಸಿ ನಿರ್ಧರಿಸಲಾಗದು. ಕುಡಿಮೀಸೆಯ ತುದಿ ಸ್ಪಷ್ಟವಾಗಿ ಕಾಣುತ್ತಿರುವಾಗ ಬಣ್ಣವನ್ನೂ ಮೈಯ ದಪ್ಪವನ್ನೂ ಬದಿಗಿಡಬೇಕು.

ನಿಮ್ಮ ಮೊದಲ ಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. ಅದು ಸ್ಕಿಪ್ಪರ್ ಎಂಬ ಕುಟುಂಬದ ಚಿಟ್ಟೆ. ಜಗತ್ತಿನಲ್ಲಿ ಸುಮಾರು 3,500 ಜಾತಿಗಳಿರುವ ಈ ಕುಟುಂಬದಲ್ಲಿ ಬಹುಪಾಲು ಚಿಟ್ಟೆಗಳು ಕಂದು ಅಥವಾ ಮಂಕು ಬಣ್ಣದವು. ಎದೆಭಾಗ ದಪ್ಪಗಿರುತ್ತದೆ, ಮೈಮೇಲೆ ರೋಮದಂಥ ಹೊದಿಕೆ ಇರುತ್ತದೆ, ರೆಕ್ಕೆಗಳು ಮೈಗೆ ಹೋಲಿಸಿದರೆ ಚಿಕ್ಕವು. ನೀವು ಪತಂಗದ ಗುರುತುಗಳೆಂದು ಪಟ್ಟಿ ಮಾಡಿದ್ದರಲ್ಲಿ ಕುಡಿಮೀಸೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇದಕ್ಕೂ ಹೊಂದುತ್ತದೆ. ಆದರೆ ಚಿತ್ರವನ್ನು ಹಿಗ್ಗಿಸಿ ತಲೆಯ ಭಾಗವನ್ನು ನೋಡಿ. ಎರಡು ಕುಡಿಮೀಸೆಗಳು ಒಂದರ ಪಕ್ಕ ಒಂದಾಗಿ ಅಂಟಿಕೊಂಡಂತೆ ಹುಟ್ಟದೆ, ತಲೆಯ ಮೇಲೆ ದೂರ ದೂರದಲ್ಲಿ, ಕಣ್ಣುಗಳ ಬಳಿಯಿಂದ ಹೊರಟಿವೆ. ಅಲ್ಲಿಂದ ಸಮನಾದ ತೆಳು ದಂಟಿನಂತೆ ಸಾಗಿ, ಕೊನೆಗೆ ಬರುವಾಗ ಥಟ್ಟನೆ ಉಬ್ಬಿವೆ. ಆ ಉಬ್ಬಿನ ಆಚೆಗೆ ಚೂಪಾದ ಒಂದು ಕೊನೆ ಹಿಂದಕ್ಕೆ ಬಾಗಿ ಕೊಕ್ಕೆಯಂತಾಗಿದೆ. ಕಣ್ಣಿನ ಬಳಿಯ ಬುಡ, ಥಟ್ಟನೆ ಬರುವ ಉಬ್ಬು, ಹಿಂದಕ್ಕೆ ಬಾಗಿದ ತುದಿ ಮೂರೂ ಒಟ್ಟಿಗೆ ಕಂಡರೆ ಅದನ್ನು ಸ್ಕಿಪ್ಪರ್ ಎಂದು ಧೈರ್ಯವಾಗಿ ಬರೆಯಬಹುದು. ಕೊಕ್ಕೆಯಿದ್ದ ಕಾರಣಕ್ಕೆ ತುದಿ ನಿಮಗೆ ಗುಂಡಗೆ ಕಾಣಲಿಲ್ಲವೆಂದು ತೋರುತ್ತದೆ. ಆದ್ದರಿಂದ ‘ಗುಂಡು ತುದಿ’ ಎಂಬ ಮಾತಿನ ಬದಲು ‘ಕೊನೆಯಲ್ಲಿ ಥಟ್ಟನೆ ದಪ್ಪವಾಗುವ ಕುಡಿಮೀಸೆ’ ಎಂದು ಬರೆಯಿರಿ. ಓದುಗರು ಹುಡುಕಬೇಕಾದದ್ದು ಉಬ್ಬು ಎಲ್ಲಿ, ಎಷ್ಟು ಬೇಗ ಆರಂಭವಾಗುತ್ತದೆ ಎಂಬುದನ್ನು.

ಇಲ್ಲಿ ಹಾಕ್ ಮಾತ್ ಎಂಬ ಪತಂಗಗಳನ್ನು ನೆನೆಯಬೇಕು. ಅವುಗಳ ಕುಡಿಮೀಸೆಯೂ ದಪ್ಪ, ತುದಿಯೂ ಅನೇಕ ಜಾತಿಗಳಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ಆದರೆ ಅಲ್ಲಿ ದಪ್ಪವು ಕುಡಿಮೀಸೆಯ ಉದ್ದಕ್ಕೂ ನಿಧಾನವಾಗಿ ಏರಿ ಕೊನೆಯಲ್ಲಿ ಇಳಿಯುತ್ತದೆ. ತೆಳು ದಂಟು ಒಂದು ಕಡೆ, ಉಬ್ಬು ಇನ್ನೊಂದು ಕಡೆ ಎಂಬ ವಿಭಾಗ ಕಾಣುವುದಿಲ್ಲ.

ಚಿತ್ರದಿಂದಲೇ ನಿರ್ಧರಿಸುವಾಗ ಕ್ಯಾಮೆರಾ ತಂದೊಡ್ಡುವ ಒಂದು ತೊಡಕಿದೆ. ನಿಮ್ಮ ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲ, ಇರಲೇಬೇಕು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಬಹಳ ಕಡಿಮೆ. ಕಣ್ಣಿಗೆ ಫೋಕಸ್ ಇಟ್ಟರೆ ಮುಂದಕ್ಕೆ ಚಾಚಿದ ಕುಡಿಮೀಸೆಯ ತುದಿ ಆ ಆಳದಿಂದ ಹೊರಬೀಳುತ್ತದೆ. ಫೋಕಸ್ ತಪ್ಪಿದ ತೆಳು ನೂಲು ಚಿತ್ರದಲ್ಲಿ ಅಗಲವಾಗಿ ಹರಡಿಕೊಳ್ಳುವುದರಿಂದ ಪತಂಗದ ನೂಲುಮೀಸೆಗೂ ಉಬ್ಬಿದೆಯೆಂಬ ಭ್ರಮೆ ಹುಟ್ಟುತ್ತದೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ: ಮಸುಕಿನಿಂದ ಹುಟ್ಟಿದ ದಪ್ಪ ಅಗಲವಾದಷ್ಟೂ ತೆಳುವಾಗಿ, ಹಿನ್ನೆಲೆಯ ಬಣ್ಣ ಅದರೊಳಗೆ ಬೆರೆತಂತೆ ಕಾಣುತ್ತದೆ, ನಿಜವಾದ ಉಬ್ಬು ಮಸುಕಾದರೂ ತನ್ನ ದಂಟಿಗಿಂತ ಗಾಢವಾಗಿಯೇ ಉಳಿಯುತ್ತದೆ. ಜೊತೆಗೆ ಎರಡೂ ಕುಡಿಮೀಸೆಗಳನ್ನು ಹೋಲಿಸಬೇಕು, ಏಕೆಂದರೆ ಅವೆರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವುದು ಅಪರೂಪ. ಒಂದು ಮಸುಕಾಗಿದ್ದರೆ ಇನ್ನೊಂದು ಸ್ಪಷ್ಟವಾಗಿರಬಹುದು. ತುದಿ ಮುರಿದಿದೆಯೇ ಎಂಬುದೂ ಇದೇ ಹೋಲಿಕೆಯಿಂದ ತಿಳಿಯುತ್ತದೆ.

ಗರಿಯ ವಿಷಯದಲ್ಲಿ ನೀವು ಬರೆದದ್ದನ್ನು ಮಿತಿಗೊಳಿಸಬೇಕು. ಗರಿಯಂಥ ಕುಡಿಮೀಸೆ ಕಂಡರೆ ಅದು ಪತಂಗವೇ, ಸಂಶಯವಿಲ್ಲ. ಆದರೆ ಗರಿ ಕಾಣಲಿಲ್ಲವೆಂದ ಮಾತ್ರಕ್ಕೆ ಪತಂಗವಲ್ಲವೆಂದು ಹೇಳಲು ಬರುವುದಿಲ್ಲ. ಹೆಣ್ಣು ಗಾಳಿಗೆ ಬಿಡುವ ವಾಸನೆಯನ್ನು ದೂರದಿಂದಲೇ ಹಿಡಿಯಬೇಕಾದ ಗಂಡುಗಳಲ್ಲಿ, ಅದೂ ಕೆಲವು ಕುಟುಂಬಗಳಲ್ಲಿ, ಆ ಗರಿಗಳು ವಿಸ್ತಾರವಾಗಿ ಬೆಳೆದಿರುತ್ತವೆ. ಅನೇಕ ಪತಂಗಗಳಲ್ಲಿ, ಮುಖ್ಯವಾಗಿ ಹೆಣ್ಣುಗಳಲ್ಲಿ, ಕುಡಿಮೀಸೆ ಬುಡದಿಂದ ತುದಿಯವರೆಗೆ ಸಣ್ಣಗಾಗುತ್ತ ಹೋಗುವ ಬರಿಯ ನೂಲು.

ಇನ್ನು ಭಂಗಿ. ನಿಮ್ಮ ಮೊದಲ ಚಿತ್ರದಲ್ಲಿ ರೆಕ್ಕೆಗಳು ಅರೆಬಿಚ್ಚಿವೆ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಹೇಗೆ ಬಿಚ್ಚಿವೆ ಎಂಬುದನ್ನು ನೋಡಿದ್ದರೆ ಉತ್ತರ ಅಲ್ಲಿಯೂ ಸಿಗುತ್ತಿತ್ತು. ಹಿಂದಿನ ರೆಕ್ಕೆಗಳು ಹೆಚ್ಚುಕಡಿಮೆ ಮಟ್ಟಸವಾಗಿ ಹರಡಿವೆ, ಮುಂದಿನವು ಅವುಗಳ ಮೇಲೆ ಓರೆಯಾಗಿ ಎದ್ದು ನಿಂತಿವೆ. ಮುಂದಿನ ಜೋಡಿ ಒಂದು ಕೋನದಲ್ಲಿ, ಹಿಂದಿನ ಜೋಡಿ ಇನ್ನೊಂದು ಕೋನದಲ್ಲಿ ಹೀಗೆ ಬೇರೆಬೇರೆಯಾಗಿ ನಿಲ್ಲುವುದು ಹುಲ್ಲಿನ ಮೇಲೆ ಕೂರುವ ಅನೇಕ ಸ್ಕಿಪ್ಪರ್‌ಗಳ ಅಭ್ಯಾಸ. ವಿಶ್ರಾಂತಿಯಲ್ಲಿರುವ ಪತಂಗದಲ್ಲಿ ಸಾಮಾನ್ಯವಾಗಿ ಮುಂದಿನ ರೆಕ್ಕೆಗಳು ಹಿಂದಿನವುಗಳ ಮೇಲೆ ಸರಿದು ಅವನ್ನು ಮುಚ್ಚುತ್ತವೆ. ಮೈಯ ಎರಡೂ ಬದಿಗೆ ಹಂಚಿನ ಮಾಡಿನಂತೆ ಇಳಿಜಾರಾಗುತ್ತವೆ, ಇಲ್ಲವೆ ಚಪ್ಪಟೆಯಾಗಿ ಹರಡಿ ಕುಳಿತ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಕುಡಿಮೀಸೆಗಳನ್ನೂ ಅನೇಕ ಪತಂಗಗಳು ಮೈಯ ಪಕ್ಕಕ್ಕೆ ಅಥವಾ ರೆಕ್ಕೆಯ ಕೆಳಕ್ಕೆ ಮಡಚಿಕೊಳ್ಳುತ್ತವೆ. ಕುಳಿತ ಕೀಟದ ಕುಡಿಮೀಸೆ ಎಲ್ಲಿಯೂ ಕಾಣದೆ ಹೋದರೆ ಅದೇ ಪತಂಗದ ಕಡೆಗೆ ಒಂದು ಸುಳಿವು.

ಆದರೂ ಭಂಗಿಯೆನ್ನುವುದು ಆ ಕ್ಷಣದ್ದು ಎಂಬುದನ್ನು ಮರೆಯಬಾರದು. ತಂಪು ಹೊತ್ತಿನಲ್ಲಿ ಮೈ ಕಾಯಿಸಿಕೊಳ್ಳುವ ಚಿಟ್ಟೆ ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ಬಿಸಿಲಿಗೆ ಒಡ್ಡುತ್ತದೆ. ಅದೇ ಚಿಟ್ಟೆ ಕೊಂಚ ಹೊತ್ತಿನ ಬಳಿಕ ಅವನ್ನು ಬೆನ್ನ ಮೇಲೆ ಮಡಚಿ ನಿಲ್ಲಿಸುತ್ತದೆ. ಸ್ಕಿಪ್ಪರ್‌ಗಳಲ್ಲೇ ಒಂದು ಗುಂಪು ಸಾಮಾನ್ಯವಾಗಿ ರೆಕ್ಕೆ ಹರಡಿ ಕೂರುತ್ತದೆ, ಇನ್ನೊಂದು ಗುಂಪು ಮಡಚಿ ಕೂರುತ್ತದೆ. ಪತಂಗಗಳಲ್ಲಿ ಜಿಯೋಮೆಟ್ರಿಡ್ ಕುಟುಂಬದ ಕೆಲವು ಜಾತಿಗಳು ಚಿಟ್ಟೆಯಂತೆಯೇ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ನಿಲ್ಲಿಸುತ್ತವೆ. ಆಗಷ್ಟೇ ಕೋಶದಿಂದ ಹೊರಬಂದ ಪತಂಗಗಳಲ್ಲೂ ರೆಕ್ಕೆ ಗಟ್ಟಿಯಾಗುವವರೆಗೆ ಈ ಭಂಗಿಯನ್ನು ನೋಡಬಹುದು. ಆದ್ದರಿಂದ ‘ಹರಡಿದ್ದರೆ ಪತಂಗ’ ಎಂಬ ನಿಮ್ಮ ವಾಕ್ಯವನ್ನು ತೆಗೆಯಲೇಬೇಕು. ಹರಡಿದ ರೆಕ್ಕೆ ಯಾವ ಪಕ್ಷಕ್ಕೂ ಸಾಕ್ಷಿಯಲ್ಲ. ಮಾಡಿನಂತೆ ಇಳಿಬಿಟ್ಟ ರೆಕ್ಕೆ ಪತಂಗಕ್ಕೆ ಗಟ್ಟಿ ಸಾಕ್ಷಿ. ಮಡಚಿ ನಿಲ್ಲಿಸಿದ ರೆಕ್ಕೆ ಚಿಟ್ಟೆಗೆ ಸಾಮಾನ್ಯ ಸಾಕ್ಷಿ ಮಾತ್ರ.

ಎರಡನೆಯ ಚಿತ್ರದಲ್ಲಿ ಆದ ತಪ್ಪು ಬೇರೆ ಬಗೆಯದು, ನನಗೆ ಅದೇ ಹೆಚ್ಚು ಕುತೂಹಲದ್ದೆನಿಸಿತು. ನೀವು ಕುಡಿಮೀಸೆಯೆಂದು ಬಾಣ ಹಾಕಿ ತೋರಿಸಿರುವ ಎರಡು ನೂಲುಗಳು ಇರುವುದು ಕೀಟದ ಹಿಂಭಾಗದಲ್ಲಿ; ಅವು ಹಿಂದಿನ ರೆಕ್ಕೆಗಳ ಬಾಲಗಳು. ಲೈಸೆನಿಡ್ ಕುಟುಂಬದ ಅನೇಕ ಪುಟ್ಟ ಚಿಟ್ಟೆಗಳಲ್ಲಿ ಹಿಂದಿನ ರೆಕ್ಕೆಯ ಮೂಲೆಯಲ್ಲಿ ಕಣ್ಣಿನಂಥ ಕಪ್ಪು ಬೊಟ್ಟೂ ಅದರ ಪಕ್ಕದಲ್ಲಿ ನೂಲಿನಂಥ ಬಾಲಗಳೂ ಇರುತ್ತವೆ. ಕುಳಿತ ಚಿಟ್ಟೆ ಮಡಚಿದ ಹಿಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜುವಂತೆ ಮೇಲೆ ಕೆಳಗೆ ಆಡಿಸುತ್ತದೆ, ಆಗ ಬಾಲಗಳು ಜೀವಂತ ಕುಡಿಮೀಸೆಗಳಂತೆ ಅಲುಗುತ್ತವೆ. ಹಿಡಿಯಲು ಬಂದ ಬೇಟೆಗಾರ ಈ ಹುಸಿ ತಲೆಗೆ ಎರಗಿದರೆ ಚಿಟ್ಟೆ ರೆಕ್ಕೆಯ ಚೂರೊಂದನ್ನು ಕಳೆದುಕೊಂಡು ಪಾರಾಗುವ ಅವಕಾಶವಿದೆ. ನಿಮ್ಮ ಚಿತ್ರದಲ್ಲಿ ಬಾಲಗಳು ಫೋಕಸ್‌ನಲ್ಲಿವೆ, ನಿಜವಾದ ತಲೆ ಎಲೆಯ ನೆರಳಿನಲ್ಲಿ ಅರ್ಧ ಮುಚ್ಚಿದೆ; ಆದ್ದರಿಂದ ಕಣ್ಣು ಅತ್ತ ಹೋದದ್ದು ಸಹಜ. ಇಂಥ ಕಡೆ ಮೊದಲು ಕಾಲುಗಳನ್ನು ಹುಡುಕಬೇಕು. ಕಾಲುಗಳು ಎದೆಗೆ ಸೇರಿರುತ್ತವೆ, ತಲೆ ಎದೆಗೆ ಅಂಟಿಕೊಂಡೇ ಇರುತ್ತದೆ. ಆ ತುದಿಯಲ್ಲಿ ಬಿಳಿ ಉಂಗುರಗಳಿರುವ ಕಪ್ಪು ಕುಡಿಮೀಸೆಯೊಂದು ನೆರಳಿನಿಂದ ಹೊರಗೆ ಚಾಚಿದೆ, ಅದರ ಕೊನೆ ಉಬ್ಬಿದೆ. ಬಾಣವನ್ನು ಅಲ್ಲಿಗೆ ಸ್ಥಳಾಂತರಿಸಿದರೆ ಇದೇ ಚಿತ್ರ ನಿಮ್ಮ ಲೇಖನದ ಅತ್ಯುತ್ತಮ ಭಾಗವಾಗುತ್ತದೆ.

ಕುಡಿಮೀಸೆಗೆ ಮೊದಲ ಸ್ಥಾನ ಕೊಡಿ ಎಂದೆನಾದರೂ ಅದೂ ಸೋಲುವ ಎಡೆಗಳಿವೆ. ಹಗಲಿನಲ್ಲಿ ಹಾರುವ ಬರ್ನೆಟ್ ಎಂಬ ಪತಂಗಗಳ ಕುಡಿಮೀಸೆ ತುದಿಯ ಕಡೆಗೆ ಸ್ಪಷ್ಟವಾಗಿ ದಪ್ಪವಾಗುತ್ತದೆ. ಕಪ್ಪು ರೆಕ್ಕೆಯ ಮೇಲೆ ಕೆಂಪು ಬೊಟ್ಟುಗಳಿರುವ ಅವು ಹೂವಿನ ಮೇಲೆ ಕುಳಿತಾಗ ಚಿಟ್ಟೆಯೆಂದೇ ತೋರುತ್ತವೆ. ಅಲ್ಲಿ ತೀರ್ಪು ಕೊಡುವುದು ಭಂಗಿ: ಹೊಳೆಯುವ ಉದ್ದನೆಯ ಮುಂದಿನ ರೆಕ್ಕೆಗಳು ಹಿಂದಿನವುಗಳನ್ನು ಮುಚ್ಚಿ ಬೆನ್ನಿನಿಂದ ಇಳಿಜಾರಾಗಿರುತ್ತವೆ. ಇದಕ್ಕೆ ವಿರುದ್ಧವಾಗಿ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಹೆಡಿಲಿಡ್ ಎಂಬ ಸಣ್ಣ ಕುಟುಂಬದ ಕೀಟಗಳು ಹೆಚ್ಚಾಗಿ ರಾತ್ರಿ ಹಾರುತ್ತವೆ, ಅವುಗಳ ಕುಡಿಮೀಸೆ ನೂಲಿನಂತಿದೆ. ಜಿಯೋಮೆಟ್ರಿಡ್‌ಗಳ ಸಾಲಿನಲ್ಲಿ ಇರಿಸಲಾಗಿದ್ದ ಅವು ಚಿಟ್ಟೆಗಳ ಬಳಗಕ್ಕೆ ಸೇರಿದವೆಂದು ಕೀಟವಿಜ್ಞಾನಿ ಮಾಲ್ಕಮ್ ಸ್ಕೋಬಲ್ 1986ರಲ್ಲಿ ದೇಹರಚನೆಯ ಆಧಾರದಿಂದ ವಾದಿಸಿದರು. ಇಂದು ಅವು ಚಿಟ್ಟೆಗಳೊಂದಿಗೇ ಇವೆ. ನಿಮ್ಮ ಲೇಖನಕ್ಕೆ ಬರ್ನೆಟ್ ಬೇಕು, ಏಕೆಂದರೆ ಓದುಗರ ಕ್ಯಾಮೆರಾಕ್ಕೆ ಅದು ಸಿಗಬಹುದು. ಹೆಡಿಲಿಡ್‌ಗೆ ಒಂದು ವಾಕ್ಯ ಸಾಕು.

ತಿದ್ದಿ ಬರೆಯುವಾಗ ಲಕ್ಷಣಗಳ ಪಟ್ಟಿಯಿಂದ ಆರಂಭಿಸಬೇಡಿ. ಮೊದಲ ಚಿತ್ರವನ್ನೇ ಮುಂದಿಟ್ಟುಕೊಂಡು ಕುಡಿಮೀಸೆಯ ತುದಿ, ಬುಡ, ರೆಕ್ಕೆಯ ಕೋನ ಎಂಬ ಕ್ರಮದಲ್ಲಿ ಓದುಗರ ಕಣ್ಣನ್ನು ನಡೆಸಿಕೊಂಡು ಹೋಗಿ. ಎರಡನೆಯ ಚಿತ್ರವನ್ನು ತಲೆ ಯಾವುದು ಎಂಬ ಪ್ರಶ್ನೆಗೆ ಮೀಸಲಿಡಿ. ಬಣ್ಣದ ಬಗ್ಗೆ ಬರೆದ ಎರಡು ಪರಿಚ್ಛೇದಗಳನ್ನು ಪೂರ್ತಿ ಕೈಬಿಡಿ. ಕುಡಿಮೀಸೆ ಕಾಣದ, ರೆಕ್ಕೆ ಚಪ್ಪಟೆ ಹರಡಿದ ಚಿತ್ರದ ಅಡಿಬರಹದಲ್ಲಿ ‘ಈ ಚಿತ್ರದಿಂದ ನಿರ್ಧರಿಸಲಾಗದು’ ಎಂದು ಬರೆಯುವ ಸ್ವಾತಂತ್ರ್ಯ ನಿಮಗಿದೆ, ನಾವು ಅದನ್ನು ಹಾಗೆಯೇ ಅಚ್ಚು ಮಾಡುತ್ತೇವೆ.

ಮೊದಲ ಚಿತ್ರವನ್ನು ಅಂಚು ಕತ್ತರಿಸದೆ, ಮೂಲ ಗಾತ್ರದಲ್ಲಿಯೇ ಕಳುಹಿಸಿ. ಈಗ ಬಂದಿರುವ ಪ್ರತಿಯಲ್ಲಿ ಎಡಗಡೆಯ ಕುಡಿಮೀಸೆಯ ಕೊಕ್ಕೆ ಚೌಕಟ್ಟಿನ ಅಂಚಿಗೆ ತಾಗಿ ಅರ್ಧ ಕಡಿದುಹೋಗಿದೆ, ಓದುಗರಿಗೆ ತೋರಿಸಬೇಕಾದದ್ದು ಅದನ್ನೇ. ಅದೇ ಕೀಟದ ಬೇರೆ ಚಿತ್ರಗಳನ್ನು, ಮುಖ್ಯವಾಗಿ ಪಕ್ಕದಿಂದ ತೆಗೆದದ್ದು ಇದ್ದರೆ, ಮಸುಕಾಗಿದ್ದರೂ ಜೊತೆಗಿಡಿ. ಮುಂದಿನ ಮತ್ತು ಹಿಂದಿನ ರೆಕ್ಕೆಗಳ ನಡುವಿನ ಕೋನ ಪಕ್ಕದ ನೋಟದಲ್ಲಿಯೇ ಚೆನ್ನಾಗಿ ತಿಳಿಯುತ್ತದೆ.

ಇಂತಿ,
ಸಂಪಾದಕ