ಚಿಲಕ ಹಾಕಿತ್ತೆಂದು ಹೇಳಿದವರು ಯಾರು?

"ಸಂಪಾದಕರೇ, ದೀಪಾವಳಿ ಸಂಚಿಕೆಯ ಪತ್ತೇದಾರಿ ಕಥೆಯನ್ನು ಎರಡು ಸಲ ಓದಿದೆ. ಚಿಂತಾಮಣಿಯ ರೇಷ್ಮೆ ಗೂಡಿನ ವ್ಯಾಪಾರಿ ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ, ಕಿಟಕಿಗೆ ಕಬ್ಬಿಣದ ಸರಳುಗಳಿವೆ. ಕೊನೆಗೆ ಅಳಿಯನೇ ಕೊಂದನೆನ್ನುತ್ತೀರಿ. ಓದುಗನಿಗೆ ಅದನ್ನು ಕಂಡುಹಿಡಿಯಲು ದಾರಿ ಎಲ್ಲಿತ್ತು? ನನಗಂತೂ ಮೋಸ ಹೋದಂತಾಯಿತು."
— ಓದುಗ, ಶಿಡ್ಲಘಟ್ಟ

ಮಾನ್ಯರೇ,

ನಿಮ್ಮ ದೂರಿನಲ್ಲಿ ಅರ್ಧ ನ್ಯಾಯವಿದೆ. ಮೊದಲು ಉಳಿದರ್ಧದ ಮಾತಾಡೋಣ.

ಇಂಥ ಕಥೆಯಲ್ಲಿ ಓದುಗರು ಸಾಮಾನ್ಯವಾಗಿ ಕೊಲೆಗಾರ ಹೊರಗೆ ಹೋದದ್ದು ಹೇಗೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಸೂರು, ಕಿಟಕಿ, ಕಳ್ಳದಾರಿ ಎಲ್ಲವನ್ನೂ ತಡಕುತ್ತಾರೆ. ಕಥೆಗಾರನಿಗೆ ಬೇಕಾದದ್ದೂ ಅದೇ. ಅವನು ಕೊನೆಯಿಂದ ಹಿಂದಕ್ಕೆ ಕಥೆ ಕಟ್ಟುತ್ತಾನೆ: ಕೊಲೆಗಾರ ಬಾಗಿಲಿನಿಂದಲೇ ನಡೆದುಹೋದ ಎಂದು ಮೊದಲು ನಿಶ್ಚಯಿಸಿ, ಆಮೇಲೆ ಆ ಬಾಗಿಲು ಮುಚ್ಚಿಯೇ ಇತ್ತೆಂದು ನಾವು ನಂಬುವಂತೆ ಮಾಡುತ್ತಾನೆ. ಆದ್ದರಿಂದ ಕೋಣೆಯನ್ನು ಬಿಟ್ಟು ಆ ನಂಬಿಕೆಯನ್ನು ತನಿಖೆ ಮಾಡಬೇಕು. "ಕೋಣೆ ಭದ್ರವಾಗಿತ್ತು" ಎಂಬುದನ್ನು ನಮಗೆ ಹೇಳಿದವರು ಯಾರು? ಕಥೆಯ ನಿರೂಪಣೆಯೋ, ಪಾತ್ರವೊಂದರ ಬಾಯೋ? ಪಾತ್ರಗಳು ಸುಳ್ಳು ಹೇಳಬಹುದು, ತಪ್ಪೂ ತಿಳಿದಿರಬಹುದು. ಪ್ರಾಮಾಣಿಕವಾಗಿ ಬರೆದ ಕಥೆಯಲ್ಲಿ ನಿರೂಪಣೆ ಏನನ್ನಾದರೂ ಮರೆಸಬಹುದೇ ಹೊರತು ಸುಳ್ಳು ಹೇಳುವಂತಿಲ್ಲ.

ಈಗ ಸಂಚಿಕೆಯನ್ನು ಮತ್ತೊಮ್ಮೆ ತೆರೆದು ಬಾಗಿಲು ಒಡೆಯುವ ಭಾಗವನ್ನು ನೋಡಿ. ನಿರೂಪಣೆ ಹೇಳುವುದು "ಬಾಗಿಲು ಅಲುಗಲಿಲ್ಲ" ಎಂದಷ್ಟೇ. "ಒಳಗಿಂದ ಚಿಲಕ ಹಾಕಿಕೊಂಡಿದ್ದಾರೆ, ಒಡೆಯಲೇಬೇಕು" ಎಂದವನು ಅಳಿಯ. ಬಾಗಿಲು ಅಲುಗದಿರಲು ಚಿಲಕವೇ ಬೇಕೆಂದಿಲ್ಲ. ಅದಕ್ಕೆ ಎರಡು ಪುಟ ಮುಂಚೆ ಮನೆ ಕೆಲಸದಾಕೆ, "ಮಳೆ ಹಿಡಿದರೆ ಈ ಬಾಗಿಲು ಉಬ್ಬಿಕೊಂಡು ನನ್ನ ಪ್ರಾಣ ತಿನ್ನುತ್ತೆ, ಬಡಗಿನ ಕರೆಸಿ ಹೆರೆಸಿ ಅಂದ್ರೆ ಯಾರೂ ಕೇಳಲ್ಲ" ಎಂದು ಗೊಣಗಿದ್ದಾಳೆ. ಕಥೆ ನಡೆಯುವುದು ಐದು ದಿನದ ಜಡಿಮಳೆಯ ನಡುವೆ. ಆ ಗೊಣಗಾಟವನ್ನು ನಾವೆಲ್ಲ ಮನೆವಾರ್ತೆಯೆಂದು ದಾಟಿಬಿಟ್ಟೆವು. ಹಸ್ತಪ್ರತಿ ಮೊದಲ ಸಲ ಓದುವಾಗ ನಾನೂ ದಾಟಿದೆ.

ಒಳಮುಖವಾಗಿ ತೆರೆಯುವ, ನೀರು ಕುಡಿದು ಉಬ್ಬಿದ ಬಾಗಿಲನ್ನು ಹೊರಗಿನಿಂದ ಬಲವಾಗಿ ಎಳೆದರೆ ಅದು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಳಿಯ ರಾತ್ರಿ ಮಾಡಿದ್ದು ಇಷ್ಟೇ: ಚೌಕಟ್ಟಿನಲ್ಲಿ ಚಿಲಕದ ಸರಳು ಕೂರುವ ಕೊಂಡಿಯ ನಾಲ್ಕು ಸ್ಕ್ರೂ ಬಿಚ್ಚಿ ಕೊಂಡಿಯ ಜೊತೆ ನೆಲದ ಮೇಲಿಟ್ಟ, ಸರಳನ್ನು ಹಾಕಿದ ಸ್ಥಿತಿಗೆ ಸರಿಸಿದ, ಹೊರಬಂದು ಬಾಗಿಲನ್ನು ಎಳೆದುಕೊಂಡ. ಬೆಳಗ್ಗೆ ಮೂವರು ಹೆಗಲು ಕೊಟ್ಟು ತಳ್ಳಿದಾಗ ಬಾಗಿಲು ತೆರೆಯಿತು. ಕೊಂಡಿ ಕಿತ್ತು ಬಿದ್ದಿದೆಯೆಂದು ಎಲ್ಲರೂ ಕಂಡರು. ವ್ಯಾಪಾರಿ ಮಂಚದಿಂದ ಬಿದ್ದು ಸತ್ತನೆಂದು ಮುಗಿದುಹೋಗಬೇಕಾಗಿದ್ದ ಕಥೆ, ತಲೆಯ ಹಿಂಬದಿಗೆ ಎರಡು ಪೆಟ್ಟು ಬಿದ್ದಿದೆಯೆಂದು ವೈದ್ಯರು ಹೇಳಿದಾಗ ಸಿಕ್ಕಾಯಿತು.

ನೆಲದ ಮೇಲಿದ್ದ ಆ ಸ್ಕ್ರೂಗಳನ್ನು ಕಥೆ ಒಂದೇ ವಾಕ್ಯದಲ್ಲಿ ತೋರಿಸುತ್ತದೆ: "ನಾಲ್ಕೂ ನೇರವಾಗಿ, ಹೊಸದರಂತೆ ಹೊಳೆಯುತ್ತಿದ್ದವು." ಬಲದಿಂದ ಕಿತ್ತ ಸ್ಕ್ರೂವಿನ ಸುರುಳಿಯಲ್ಲಿ ಮರದ ನಾರು ಸಿಕ್ಕಿರುತ್ತದೆ, ಒಂದೆರಡಾದರೂ ಬಾಗಿರುತ್ತವೆ, ಚೌಕಟ್ಟಿನ ತೂತು ಹರಿದು ಸಿಬಿರೆದ್ದಿರುತ್ತದೆ. ಬಿಚ್ಚಿ ತೆಗೆದದ್ದಾದರೆ ತೂತು ದುಂಡಗೆ ಉಳಿಯುತ್ತದೆ. ಗೆದ್ದಲು ತಿಂದ ಮರವಾದರೆ ಬಲದಿಂದ ಕಿತ್ತರೂ ಸ್ಕ್ರೂ ಹೀಗೆಯೇ ಸಲೀಸಾಗಿ ಬರುತ್ತದೆ, ಆಗ ಈ ಸುಳಿವಿಗೆ ಬೆಲೆಯಿಲ್ಲ. ಅದಕ್ಕೇ ಲೇಖಕರು ಆರಂಭದಲ್ಲೇ ಅದು ತಾತನ ಕಾಲದ ಗಟ್ಟಿ ಹೊನ್ನೆ ಮರದ ಚೌಕಟ್ಟೆಂದು ಹೇಳಿ ಆ ದಾರಿಯನ್ನು ಮುಚ್ಚಿದ್ದಾರೆ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚಿಕೆಯಾದದ್ದು ಈ ಎಚ್ಚರಿಕೆ.

ಬಾಗಿಲಿನ ಮೋಸ ಹೊಸದೇನಲ್ಲ. ಜಾನ್ ಡಿಕ್ಸನ್ ಕಾರ್ 1935ರ "ದಿ ಹಾಲೋ ಮ್ಯಾನ್" ಕಾದಂಬರಿಯಲ್ಲಿ ಕಥೆಯನ್ನೇ ನಿಲ್ಲಿಸಿ, ಒಂದು ಅಧ್ಯಾಯದಲ್ಲಿ ಪತ್ತೇದಾರನ ಬಾಯಿಂದ ಇಂಥ ತಂತ್ರಗಳನ್ನೆಲ್ಲ ವಿಂಗಡಿಸಿ ಹೇಳಿಸುತ್ತಾರೆ. ಬೀಗ, ಚಿಲಕ, ಕೀಲುಗಳ ಕೈಚಳಕಕ್ಕೆ ಅಲ್ಲಿ ಪ್ರತ್ಯೇಕ ಪಟ್ಟಿಯೇ ಇದೆ.

ಇನ್ನು ನಿಮ್ಮ ಪಾಲಿನ ನ್ಯಾಯ. ಮೇಲಿನ ಸುಳಿವುಗಳಿಂದ ಕೊಲೆ ಹೇಗಾಯಿತೆಂದು ತಿಳಿಯಬಹುದು, ಯಾರಿಂದ ಎಂದು ತಿಳಿಯಲಾಗದು. ಚಿಲಕ ಹಾಕಿದೆ ಎಂದದ್ದರಿಂದಲೇ ಅಳಿಯ ಅಪರಾಧಿಯಾಗುವುದಿಲ್ಲ. ಬಿಗಿ ಹಿಡಿದ ಬಾಗಿಲನ್ನು ತಳ್ಳಿದ ನಿರಪರಾಧಿಯೂ ಹಾಗೆಯೇ ಅನ್ನುತ್ತಿದ್ದ. ಹಸ್ತಪ್ರತಿಯಲ್ಲಿ ಇನ್ನೊಂದು ಸಾಲಿತ್ತು: ಹಿಂದಿನ ಸಂಜೆ ಅಳಿಯ ಬೀದಿಯ ಸೈಕಲ್ ಅಂಗಡಿಯಿಂದ ಸ್ಕ್ರೂಡ್ರೈವರ್ ಕಡ ತಂದಿದ್ದ. ಜಾಹೀರಾತಿಗೆ ಪುಟದ ಜಾಗ ಸಾಲದೆ ಬಂದಾಗ ಆ ಸಾಲನ್ನು ಹೊಡೆದುಹಾಕಿದವನು ನಾನೇ. ಲೇಖಕರು ಫೋನ್ ಮಾಡಿ ಬೈದಿದ್ದಾರೆ. ಈಗ ನಿಮ್ಮ ಪತ್ರವನ್ನೂ ಅವರಿಗೆ ಕಳಿಸಿದ್ದೇನೆ.

— ಸಂಪಾದಕ