‘ಪ್ರೀತಿಯಿಂದ ಅಂದಿದ್ದು’ ಅನ್ನುವ ಮೆಸೇಜುಗಳು

ಪ್ರಶ್ನೆ: ನನ್ನ ಹುಡುಗಿ ಆಫೀಸಿನವರ ಜೊತೆ ಚಿಕ್ಕಮಗಳೂರಿಗೆ ಟ್ರಿಪ್ ಹೋಗಿದ್ದಳು. ರಾತ್ರಿ ‘ನೀನು ನನ್ನವಳು, ಬೇರೆ ಯಾರೂ ನಿನ್ನ ಕಡೆ ನೋಡೋದು ನಂಗಿಷ್ಟ ಇಲ್ಲ’ ಅಂತ ಮೆಸೇಜ್ ಹಾಕಿದೆ. ಅವತ್ತಿನಿಂದ ‘ಹ್ಞೂಂ’, ‘ಸರಿ’ ಬಿಟ್ಟರೆ ಏನೂ ಬರೀತಿಲ್ಲ. ಸಿನಿಮಾದಲ್ಲಿ ಹೀರೊ ಅಂದ್ರೆ ನಾಚ್ಕೋತಾರೆ, ನಾನಂದ್ರೆ ಯಾಕೆ ಬೇಜಾರು? ಚಾಟ್ ಕಳಿಸಿದ್ದೀನಿ, ನೋಡಿ.

ಉತ್ತರ: ಊರು, ಹೆಸರು ಬದಲಾಗುತ್ತವೆ, ಈ ಪತ್ರ ಮಾತ್ರ ಬರುತ್ತಲೇ ಇರುತ್ತದೆ. ಸಿನಿಮಾದಲ್ಲಿ ಆ ಮಾತಿಗೆ ನಟನ ಮುಖ, ದನಿ, ಸಂಗೀತ ಎಲ್ಲದರ ಬೆಂಬಲ ಇರುತ್ತದೆ. ನಾಯಕಿ ಒಪ್ಪುತ್ತಾಳೆಂದು ಕತೆ ಬರೆದವರು ಮೊದಲೇ ತೀರ್ಮಾನಿಸಿರುತ್ತಾರೆ. ನಿಮ್ಮ ಹುಡುಗಿಗೆ ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ ಬಂದ ಬರೀ ಅಕ್ಷರ.

ಆದರೆ ಅವಳು ಮುದುಡಿದ್ದು ಆ ಒಂದು ಸಾಲಿಗಲ್ಲ. ಚಾಟನ್ನು ಮೇಲಿನಿಂದ ಓದಿ. 7:40ಕ್ಕೆ ‘ತಲುಪಿದ್ಯಾ? ಊಟ ಆಯ್ತಾ?’ ಇದರಲ್ಲಿ ತಪ್ಪೇನಿಲ್ಲ. 9:05ಕ್ಕೆ ‘ಆನ್‌ಲೈನ್ ಇದ್ದೀಯ, ನಂಗೆ ರಿಪ್ಲೈ ಮಾಡಕ್ಕಾಗಲ್ವಾ?’ 9:20ಕ್ಕೆ ‘ಯಾರ್ಯಾರು ಬಂದಿದ್ದಾರೆ, ಫೋಟೊ ಕಳ್ಸು’. ಪಾಪ, ಕಳಿಸಿದಳು. 9:32ಕ್ಕೆ ‘ನಿನ್ ಪಕ್ಕ ನಿಂತಿರೋನು ಯಾರು?’ 10:10ಕ್ಕೆ ‘ಲೈವ್ ಲೊಕೇಶನ್ ಆನ್ ಮಾಡು’. ಇಷ್ಟೆಲ್ಲ ಆದ ಮೇಲೆ ‘ನೀನು ನನ್ನವಳು’ ಎಂದರೆ ಅದು ವಿಚಾರಣೆಯ ಕೊನೆಗೆ ಬಂದ ತೀರ್ಪಿನಂತೆ ಕೇಳುತ್ತದೆ.

ಕಳಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಓದಿದ ಮೇಲೆ ಅವಳು ಏನು ಮಾಡಬೇಕಾಗುತ್ತದೆ? ‘ಮಿಸ್ ಮಾಡ್ಕೋತಿದ್ದೀನಿ’ ಎಂದರೆ ಏನೂ ಮಾಡಬೇಕಿಲ್ಲ, ಬೆಳಿಗ್ಗೆ ಉತ್ತರ ಕೊಟ್ಟರೂ ನಡೆಯುತ್ತದೆ. ‘ಫೋಟೊ ಕಳ್ಸು’ ಎಂದರೆ ಕೈಯಲ್ಲಿರುವುದನ್ನು ಬಿಟ್ಟು ತಾನು ಸರಿಯಾಗಿದ್ದೇನೆಂದು ಸಾಬೀತು ಮಾಡಬೇಕು. ಸಾಬೀತು ಮಾಡಿದರೂ ಅನುಮಾನ ತೀರುವುದಿಲ್ಲ. ಫೋಟೊ ಕೇಳಿದ ಹನ್ನೆರಡು ನಿಮಿಷಕ್ಕೆ ನೀವು ಅದರಲ್ಲೇ ಒಬ್ಬ ಗಂಡಸನ್ನು ಹುಡುಕಿದಿರಿ. ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಒಂದು ಸಲಕ್ಕೆ ಹೆಚ್ಚೆಂದರೆ 8 ಗಂಟೆ ಓಡುತ್ತದೆ, ಅದು ಮುಗಿದ ಕೂಡಲೇ ಮತ್ತೆ ಕೇಳುತ್ತಿದ್ದಿರಿ.

ನನಗೆ ಅವಳ ಸುರಕ್ಷತೆಯ ಚಿಂತೆ ಎಂದೂ ಬರೆದಿದ್ದೀರಿ. ನಿಜವಾದ ಚಿಂತೆಗೆ ನಿಜವಾದ ಅಪಾಯದ ಹೆಸರಿರುತ್ತದೆ: ‘ಘಾಟಿಯಲ್ಲಿ ಮಂಜು ಜಾಸ್ತಿ ಇರುತ್ತೆ, ರಾತ್ರಿ ಇಳಿಯೋದಾದ್ರೆ ಹುಷಾರು’. ನಿಮ್ಮ ಚಾಟಿನಲ್ಲಿ ಮಂಜೂ ಇಲ್ಲ, ರಸ್ತೆಯೂ ಇಲ್ಲ, ಇರುವುದು ಅವಳ ಸಹೋದ್ಯೋಗಿಗಳು ಮಾತ್ರ.

ಹೊಟ್ಟೆಕಿಚ್ಚು ಬರುವುದು ತಪ್ಪಲ್ಲ, ಹೇಳುವುದೂ ತಪ್ಪಲ್ಲ. ‘ನಂಗ್ಯಾಕೋ ಸ್ವಲ್ಪ ಹೊಟ್ಟೆಕಿಚ್ಚಾಗ್ತಿದೆ, ನೀನೇನೂ ತಪ್ಪು ಮಾಡಿಲ್ಲ. ಆರಾಮಾಗಿರು, ಬಂದ್ಮೇಲೆ ಮಾತಾಡೋಣ’ ಎಂದು ಬರೆಯಬಹುದಿತ್ತು. ಆದರೆ ಹತ್ತು ನಿಮಿಷ ಬಿಟ್ಟು ‘ಏನೂ ಹೇಳಲ್ವಾ?’ ಎಂದು ಕೆಣಕುವುದಾದರೆ ಅದನ್ನೂ ಕಳಿಸಬೇಡಿ.

ಈಗ ಕ್ಷಮೆ ಕೇಳಿ. ‘ಪ್ರೀತಿ ಜಾಸ್ತಿಯಾಗಿ ಹಾಗಂದೆ’ ಎನ್ನಬೇಡಿ, ಆಗ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವಳ ಮೇಲೇ ಬೀಳುತ್ತದೆ. ಮಾಡಿದ್ದನ್ನು ಇದ್ದ ಹಾಗೆ ಹೇಳಿ: ‘ಅವತ್ತು ಫೋಟೊ, ಲೊಕೇಶನ್ ಕೇಳಿ ನಿನ್ ಟ್ರಿಪ್ ಹಾಳು ಮಾಡಿದೆ. ತಪ್ಪಾಯ್ತು. ಇನ್ನು ಕೇಳಲ್ಲ’. ಒಂದೇ ಸಲ ಕಳಿಸಿ, ನೀಲಿ ಗುರುತು ಬಿತ್ತಾ ಎಂದು ಕಾಯಬೇಡಿ. ಬೇಡ ಎಂದು ಅವಳು ಸ್ಪಷ್ಟವಾಗಿ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಒಲ್ಲೆ ಎಂದ ಹೆಣ್ಣಿನ ಬೆನ್ನುಬಿದ್ದು ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು.

ಪ್ರಶ್ನೆ: ಹೊಟ್ಟೆಕಿಚ್ಚು ಪಡದಿದ್ರೆ ಅದು ಪ್ರೀತಿನೇ ಅಲ್ಲ ಅಂತ ರೀಲ್ಸಲ್ಲಿ ಹೇಳ್ತಾರಲ್ಲ?

ಉತ್ತರ: ಹೇಳುವವರಿಗೆ ವ್ಯೂಸ್ ಬೇಕು, ನಿಮ್ಮ ಸಂಸಾರ ಅಲ್ಲ.

ಪ್ರಶ್ನೆ: ಅವಳು ನನ್ನ ಮಾತು ಕೇಳುವ ಹಾಗೆ ವಶೀಕರಣ ಮಾಡಿಸಬಹುದಾ?

ಉತ್ತರ: ಶುದ್ಧ ಮೋಸ. ಅಂಥವರ ಕೈಗೆ ಅವಳ ಫೋಟೊ, ನಂಬರ್ ಯಾವ ಕಾರಣಕ್ಕೂ ಕೊಡಬೇಡಿ, ಅದನ್ನಿಟ್ಟುಕೊಂಡು ಅವಳನ್ನೇ ಹೆದರಿಸಬಹುದು.

ಪ್ರಶ್ನೆ: ನನ್ನ ಹುಡುಗ ‘ನೀನಿಲ್ಲ ಅಂದ್ರೆ ಸತ್ತೋಗ್ತೀನಿ’ ಅಂತ ದಿನಾ ಬರೀತಾನೆ ಮೇಡಂ. ಭಯಕ್ಕೇ ಜೊತೆಗಿದ್ದೀನಿ.

ಉತ್ತರ: ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಮ್ಮ, ಆದರೆ ಒಬ್ಬಳೇ ಹೊರಬೇಡ. ಮೆಸೇಜನ್ನು ಇವತ್ತೇ ಅವನ ಅಣ್ಣನಿಗೋ ತಾಯಿಗೋ ತೋರಿಸು. ಅವನಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಕಳಿಸು, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕಾಸು ಬೇಕಿಲ್ಲ. ಈಗಲೇ ಏನಾದರೂ ಮಾಡಿಕೊಳ್ಳುತ್ತಾನೆ ಅನ್ನಿಸಿದರೆ 112ಕ್ಕೆ ಮಾಡು. ಅವನ ಜೀವ ಉಳಿಸಲು ನೀನು ಅವನ ಜೊತೆಗೇ ಇರಬೇಕೆಂದೇನಿಲ್ಲ. ಬಿಡಬೇಕು ಅನ್ನಿಸಿದರೆ ಮನೆಯವರಿಗೆ ತಿಳಿಸಿ ಬಿಡು.