ಮೇಡಂಗೆ ಕಳಿಸುವ ಶಾಟ್ ಪ್ರಾಂಪ್ಟ್ ಮೆಸೇಜ್

“ಎರಡು ನಿಮಿಷದ ಕಾಲೇಜು ಪ್ರಾಜೆಕ್ಟನ್ನು ಎಐ ವಿಡಿಯೋದಲ್ಲಿ ಮಾಡ್ತಿದ್ದೀನಿ. ಶಾಟ್ ಪ್ರಾಂಪ್ಟ್‌ಗಳನ್ನ ಮೇಡಂಗೆ ಚಿಕ್ಕದಾಗಿ ಹೇಗೆ ಬರೆದು ಕಳಿಸಲಿ?”

ಮೊದಲು ಲೆಕ್ಕ. ನಿಮ್ಮ ಟೂಲ್ 8 ಸೆಕೆಂಡಿನ ಕ್ಲಿಪ್ ಕೊಡುತ್ತದೆ ಅಂದುಕೊಳ್ಳಿ. ಶುರು, ಕೊನೆ ಕತ್ತರಿಸಿದರೆ ಸುಮಾರು 6 ಸೆಕೆಂಡ್ ಉಳಿಯುತ್ತದೆ, ಅಂದರೆ 20 ಶಾಟ್. ಅಷ್ಟನ್ನೂ ಕಳಿಸಬೇಡಿ, ಯಾರೂ ಓದುವುದಿಲ್ಲ. ಕಥೆ ಒಂದು ಸಾಲು, ಪಾತ್ರದ ವಿವರ, ಎರಡು ಮೂರು ಮಾದರಿ ಶಾಟ್ ಸಾಕು. ಹೀಗೆ:

“ನಮಸ್ಕಾರ ಮೇಡಂ. ಕಥೆ: ನಿಂತುಹೋದ ಗೋಡೆ ಗಡಿಯಾರವನ್ನು ಅಜ್ಜ ರಿಪೇರಿ ಮಾಡುತ್ತಾರೆ. 20 ಶಾಟ್, ತಲಾ 6 ಸೆಕೆಂಡ್.
ಪಾತ್ರ: ಎಪ್ಪತ್ತರ ಅಜ್ಜ, ಬಿಳಿ ಗಡ್ಡ, ನೀಲಿ ಸ್ವೆಟರ್, ಕಪ್ಪು ಫ್ರೇಮಿನ ಕನ್ನಡಕ.
ಶಾಟ್ 4: ಮಿಡ್ ಶಾಟ್. ಅಜ್ಜ ಗಡಿಯಾರವನ್ನು ಮೇಜಿನ ಮೇಲಿಡುತ್ತಾರೆ. ಎಡಗಡೆ ಕಿಟಕಿಯ ಬೆಳಕು. ಕ್ಯಾಮೆರಾ ನಿಧಾನವಾಗಿ ಹತ್ತಿರ ಹೋಗುತ್ತದೆ.”

ಮೆಸೇಜಿನಲ್ಲಿ ಪಾತ್ರದ ವಿವರ ಒಂದೇ ಸಲ ಇರಲಿ. ಟೂಲಿಗೆ ಹಾಕುವಾಗ ಮಾತ್ರ ಪ್ರತಿ ಪ್ರಾಂಪ್ಟಿನಲ್ಲೂ ಅಕ್ಷರಶಃ ಅದನ್ನೇ ಅಂಟಿಸಿ. ಪ್ರತಿ ಕ್ಲಿಪ್ ಹೊಸದಾಗಿಯೇ ಹುಟ್ಟುವುದರಿಂದ, ಬಿಟ್ಟರೆ ಐದನೇ ಶಾಟಿನಲ್ಲಿ ಸ್ವೆಟರ್ ಹಸಿರಾಗಿರುತ್ತದೆ. ಅಂಟಿಸಿದರೂ ಮುಖ ಸ್ವಲ್ಪ ಬದಲಾಗಬಹುದು. ಟೂಲ್ ಒಪ್ಪಿದರೆ ಒಂದೇ ಫೋಟೋವನ್ನು ರೆಫರೆನ್ಸ್ ಆಗಿ ಕೊಡಿ.

ಒಂದು ಶಾಟಿಗೆ ಒಂದೇ ಕ್ರಿಯೆ, ಒಂದೇ ಕ್ಯಾಮೆರಾ ಚಲನೆ. ಗಡಿಯಾರದ ಅಂಕಿಗಳು ಕಲಸಿಹೋಗುವುದು ಮಾಮೂಲು, ಆ ಕ್ಲೋಸಪ್ಪನ್ನು ಮೊಬೈಲಿನಲ್ಲೇ ಶೂಟ್ ಮಾಡಿ, ಯಾವ ಶಾಟ್ ಹಾಗೆ ಅಂತ ಮೆಸೇಜಿನಲ್ಲೇ ಮೇಡಂಗೆ ಹೇಳಿ.